ಸಣ್ಣ ಕೋಣೆಯಲ್ಲಿ ಲೇಸರ್ ಪ್ರಿಂಟರ್: ಎಲ್ಲಿಡಬೇಕು, ಗಾಳಿ ಯಾವ ಕಡೆಗೆ ಹರಿಯಬೇಕು?

ಅಕ್ಷರಜೋಡಣೆ

ಕೋಣೆ 10 ಅಡಿ ಉದ್ದ, 9 ಅಡಿ ಅಗಲ, ಎತ್ತರವೂ ಹತ್ತಿರಹತ್ತಿರ 10 ಅಡಿ. ಒಂದು ಗೋಡೆಗೆ ಕಿಟಕಿ, ಅದರ ಮೇಲೆ 6 ಇಂಚಿನ ಎಕ್ಸಾಸ್ಟ್ ಫ್ಯಾನ್. ಎದುರು ಗೋಡೆಗೆ ಬಾಗಿಲು. ಗೋಡೆಗೆ ಹಾಕಿದ ಎಸಿ ಇದೆ. ಕಪ್ಪು-ಬಿಳುಪು ಲೇಸರ್ ಪ್ರಿಂಟರ್ ಸದ್ಯಕ್ಕೆ ಮೇಜಿನ ಕೆಳಗಿನ ಗೂಡಿನಲ್ಲಿದೆ, ಕೂತರೆ ಮೊಣಕಾಲಿನ ಪಕ್ಕಕ್ಕೇ ಬರುತ್ತದೆ. ದಿನಕ್ಕೆ ಸುಮಾರು 80 ಪುಟ, ಅದೂ ಎರಡು ಮೂರು ಪುಟದಂತೆ ಬಿಡಿಬಿಡಿಯಾಗಿ.

ಪ್ರಿಂಟ್ ಕೊಟ್ಟಾಗಲೆಲ್ಲ ಬಿಸಿ ಪ್ಲಾಸ್ಟಿಕ್ಕಿನಂಥ ವಾಸನೆ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಕೋಣೆ ಬೆಚ್ಚಗಾಗಿರುತ್ತದೆ. ಪ್ರಿಂಟರನ್ನು ಕೋಣೆಯಿಂದ ಹೊರಗಿಡುವಷ್ಟು ಜಾಗವಿಲ್ಲ. ಇದೇ ಕೋಣೆಯಲ್ಲಿ ಸರಿಯಾಗಿ ಇಡುವುದು ಹೇಗೆ? ಟೋನರ್ ಪುಡಿ ಗಾಳಿಯಲ್ಲಿ ತೇಲಾಡುತ್ತಿರುತ್ತದೆ ಎನ್ನುತ್ತಾರೆ, ಅದಕ್ಕೆ ಮಾಸ್ಕ್ ಬೇಕಾಗುತ್ತದೆಯೇ?

ಮಾಪಕ77

ಇಷ್ಟೊಂದು ಹೆದರುವ ಅಗತ್ಯವಿಲ್ಲ. ಮನೆಯಲ್ಲಿ ಪಿಎಂ 2.5 ಮೀಟರ್ ಇದೆ, ಪ್ರಿಂಟರ್ ಪಕ್ಕದಲ್ಲೇ ಇಟ್ಟು 50 ಪುಟ ತೆಗೆದು ನೋಡಿದ್ದೇನೆ. ಮೊದಲು 14 ಇತ್ತು, ಆಮೇಲೆ 15. ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದರೆ ಇದೇ ಮೀಟರ್ 200 ದಾಟುತ್ತದೆ. ಟೋನರ್ ಪುಡಿ ಕಾರ್ಟ್ರಿಡ್ಜ್ ಒಳಗೆ ಮುಚ್ಚಿಕೊಂಡಿರುತ್ತದೆ, ಹೊರಗೆ ಬರುವುದೇ ಇಲ್ಲ. ಎಸಿ ಹಾಕಿಕೊಳ್ಳಿ, ಗಾಳಿ ಬದಲಾಗುತ್ತಿರುತ್ತದೆ. ಮಾಸ್ಕ್ ಬೇಕಿಲ್ಲ.

ಗಾಳಿಲೆಕ್ಕ

ಮಾಪಕ77 ಅವರ ಮಾತು ಅರ್ಧ ನಿಜ. ಕಾಗದದ ಮೇಲೆ ಕೂರಬೇಕಾದ ಟೋನರ್ ಪುಡಿ ತೇಲಿಕೊಂಡು ಬರುವುದು ತೀರಾ ಕಡಿಮೆ, ಅದು ಸರಿ. ಟೋನರ್ ಕಣದ ಗಾತ್ರ ಸುಮಾರು 5ರಿಂದ 10 ಮೈಕ್ರಾನ್. ಕಾರ್ಟ್ರಿಡ್ಜ್ ಸೋರದಿದ್ದರೆ ಅದು ಯಂತ್ರದೊಳಗೇ ಉಳಿಯುತ್ತದೆ.

ಹೊರಗೆ ಬರುವುದು ಬೇರೆ ವಸ್ತು. ಪುಡಿಯನ್ನು ಕರಗಿಸಿ ಕಾಗದಕ್ಕೆ ಅಂಟಿಸುವ ಫ್ಯೂಸರ್ ಸುಮಾರು 180ರಿಂದ 200 ಡಿಗ್ರಿವರೆಗೆ ಕಾಯುತ್ತದೆ. ಆ ಬಿಸಿಗೆ ಟೋನರ್‌ನಲ್ಲಿರುವ ಮೇಣ, ಫ್ಯೂಸರ್ ಭಾಗಗಳ ಸಿಲಿಕೋನ್ ಎಣ್ಣೆ, ಸುತ್ತಲಿನ ಪ್ಲಾಸ್ಟಿಕ್, ಕಾಗದ ಎಲ್ಲದರಿಂದಲೂ ಸ್ವಲ್ಪ ಸ್ವಲ್ಪ ಆವಿ ಏಳುತ್ತದೆ. ಯಂತ್ರದಿಂದ ಆಚೆ ಬಂದು ತಣ್ಣನೆಯ ಗಾಳಿಗೆ ಸೇರಿದೊಡನೆ ಈ ಆವಿ ಹೆಪ್ಪುಗಟ್ಟಿ ಅತಿಸೂಕ್ಷ್ಮ ಹನಿಗಳಾಗುತ್ತದೆ. ಅವುಗಳಲ್ಲಿ ಹೆಚ್ಚಿನವು 100 ನ್ಯಾನೋಮೀಟರಿಗಿಂತ ಚಿಕ್ಕವು, ಎಂದರೆ 0.1 ಮೈಕ್ರಾನಿಗಿಂತ ಕಡಿಮೆ. ಕಪ್ಪು ಪುಡಿ ಅಲ್ಲವಾದ್ದರಿಂದ ಮೇಜು ಒರೆಸಿದರೆ ಬಟ್ಟೆಗೆ ಹತ್ತುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ.

ಇನ್ನು ಮೀಟರ್ ವಿಚಾರ. ಮನೆಬಳಕೆಯ ಪಿಎಂ 2.5 ಮೀಟರ್ ಕಣಗಳ ಮೇಲೆ ಲೇಸರ್ ಬೆಳಕು ಬಿಟ್ಟು, ಚದುರಿದ ಬೆಳಕನ್ನು ಅಳೆಯುತ್ತದೆ. ಸುಮಾರು 0.3 ಮೈಕ್ರಾನಿಗಿಂತ ಸಣ್ಣ ಕಣ ಅದಕ್ಕೆ ಬಹುಮಟ್ಟಿಗೆ ಕಾಣುವುದೇ ಇಲ್ಲ. ಕಂಡರೂ ಅದು ತೋರಿಸುವುದು ತೂಕವನ್ನು. 50 ನ್ಯಾನೋಮೀಟರ್ ಗಾತ್ರದ ಕಣ ಘನ ಸೆಂಟಿಮೀಟರಿಗೆ 14,000 ಇದ್ದರೂ, ಒಂದು ಘನ ಮೀಟರ್ ಗಾಳಿಯಲ್ಲಿ ಅಷ್ಟೂ ಸೇರಿ ತೂಗುವುದು ಹೆಚ್ಚುಕಡಿಮೆ 1 ಮೈಕ್ರೋಗ್ರಾಂ. ಹಾಗಾಗಿ 14 ಹೋಗಿ 15 ಆಗಿದ್ದನ್ನು ನೋಡಿ ಏನೂ ಬಂದಿಲ್ಲ ಎನ್ನಲು ಆಗದು, ಬಹಳ ಬಂದಿದೆ ಎನ್ನಲೂ ಆಗದು. ಆ ಮೀಟರಿನಿಂದ ಈ ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ. ಇದಕ್ಕೆ ಕಣಗಳನ್ನು ಎಣಿಸುವ ಪ್ರಯೋಗಾಲಯದ ಉಪಕರಣ ಬೇಕು.

ಎಸಿ ಬಗ್ಗೆ ಹೇಳಿದ್ದು ಮಾತ್ರ ಪೂರ್ತಿ ತಪ್ಪು. ಗೋಡೆಗೆ ಹಾಕುವ ಎಸಿ ಕೋಣೆಯ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಅದೇ ಕೋಣೆಗೆ ಬಿಡುತ್ತದೆ. ಹೊರಗಿನ ಗಾಳಿ ಒಳಗೆ ಬರುವುದಿಲ್ಲ. ಎಸಿಗೆಂದು ಕಿಟಕಿ ಬಾಗಿಲು ಮುಚ್ಚಿಕೊಂಡರೆ ಪ್ರಿಂಟರ್ ಬಿಟ್ಟದ್ದೆಲ್ಲ ಒಳಗೇ ನಿಲ್ಲುತ್ತದೆ.

ರೋಲರ್‌ರಿಪೇರಿ

ಮೊದಲು ಅದನ್ನು ಗೂಡಿನಿಂದ ಈಚೆಗೆ ತೆಗೆಯಿರಿ. ಉಳಿದ ಮಾತು ಆಮೇಲೆ.

ಗೂಡಿನಲ್ಲಿಟ್ಟ ಯಂತ್ರ ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಒಳಗಿನ ಸಣ್ಣ ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ಪ್ರಯೋಜನವಿಲ್ಲ. ಮೊದಲಿಗೆ ಕಾಣುವ ಲಕ್ಷಣ ಎಂದರೆ 30–40 ಪುಟ ಒಟ್ಟಿಗೆ ಕೊಟ್ಟಾಗ ವೇಗ ತಗ್ಗುತ್ತದೆ, ಪುಟಕ್ಕೂ ಪುಟಕ್ಕೂ ನಡುವೆ ಬಿಡುವು ಹೆಚ್ಚುತ್ತದೆ. ಅದು ಕೆಟ್ಟಿದ್ದಲ್ಲ, ಯಂತ್ರ ಬಿಸಿ ಇಳಿಸಿಕೊಳ್ಳುತ್ತಿರುತ್ತದೆ. ಹಾಗೇ ಬಿಟ್ಟರೆ ಕಾರ್ಟ್ರಿಡ್ಜ್ ಒಳಗಿನ ಟೋನರ್ ಮೆತ್ತಗಾಗಿ ಗಂಟುಕಟ್ಟುತ್ತದೆ, ಪುಟದ ಮೇಲೆ ಒಂದೇ ಅಂತರಕ್ಕೆ ಮರುಕಳಿಸುವ ಚುಕ್ಕೆ, ಗೀರು ಬರುತ್ತವೆ. ಜನ ಡ್ರಮ್ ಹೋಯಿತು ಎಂದು ಹೊಸ ಕಾರ್ಟ್ರಿಡ್ಜ್ ತರುತ್ತಾರೆ. ಅದೇ ಗೂಡಿನಲ್ಲಿಟ್ಟರೆ ಅದಕ್ಕೂ ಅದೇ ಗತಿ.

ಎಷ್ಟು ಜಾಗ ಬಿಡಬೇಕು ಎನ್ನುವುದು ನಿಮ್ಮ ಮಾದರಿಯ ಕೈಪಿಡಿಯಲ್ಲಿ ಚಿತ್ರಸಮೇತ ಇರುತ್ತದೆ, ಅದೇ ಅಂತಿಮ. ಕೈಪಿಡಿ ಇಲ್ಲದಿದ್ದರೆ ಗಾಳಿ ಬಿಡುವ ಜಾಲರಿಯ ಕಡೆ 20 ಸೆಂಟಿಮೀಟರ್, ಉಳಿದ ಪಕ್ಕಗಳಲ್ಲಿ 10, ಮೇಲೆ ಮುಚ್ಚಳ ಪೂರ್ತಿ ತೆರೆಯುವಷ್ಟು ಬಿಡಿ. ಜಾಲರಿ ಎಲ್ಲಿದೆ ಎಂದು ಗೊತ್ತಾಗದಿದ್ದರೆ ಪ್ರಿಂಟ್ ಆಗುತ್ತಿರುವಾಗ ಟಿಶ್ಯೂ ಕಾಗದದ ಸಣ್ಣ ಪಟ್ಟಿಯನ್ನು ಸುತ್ತಲೂ ಹಿಡಿದು ನೋಡಿ. ಪಟ್ಟಿ ಎಲ್ಲಿ ಆಚೆಗೆ ಹಾರುತ್ತದೋ ಅದು ಗಾಳಿ ಬಿಡುವ ಜಾಗ, ಎಲ್ಲಿ ಅಂಟಿಕೊಳ್ಳುತ್ತದೋ ಅದು ಎಳೆಯುವ ಜಾಗ. ಬಿಡುವ ಕಡೆ ನಿಮ್ಮ ಮುಖವೂ ಇರಬಾರದು, ಗೋಡೆಯೂ ಇರಬಾರದು.

ಹಳೇಮೇಜು

ಓಝೋನ್ ವಿಷಯ ಯಾರೂ ಎತ್ತಲಿಲ್ಲವಲ್ಲ! ಲೇಸರ್ ಪ್ರಿಂಟರ್ ಎಂದರೆ ಓಝೋನ್. ಮಿಂಚು ಹೊಡೆದಾಗಿನ ಹಾಗೆ ಚುರುಕು ವಾಸನೆ, ಗಂಟಲು ಕೆರೆತ. ಯಂತ್ರದ ಹಿಂದೆ ಇದ್ದಿಲಿನ ಫಿಲ್ಟರ್ ಇರುತ್ತದೆ, ಅದನ್ನು ಬದಲಿಸಿ. ಇವರ ತೊಂದರೆ ಅದೇ ಇರಬೇಕು.

ರೋಲರ್‌ರಿಪೇರಿ

ಹಳೇಮೇಜು ಸರ್, ನೀವು ಹೇಳುತ್ತಿರುವುದು ಕರೋನಾ ತಂತಿಯಿದ್ದ ಕಾಲದ ಯಂತ್ರಗಳ ಕಥೆ. ತೆಳು ತಂತಿಗೆ ಸಾವಿರಾರು ವೋಲ್ಟ್ ಕೊಟ್ಟು ಡ್ರಮ್ಮಿಗೆ ವಿದ್ಯುದಾವೇಶ ಕೊಡುತ್ತಿದ್ದರು, ಆಗ ಓಝೋನ್ ಚೆನ್ನಾಗಿಯೇ ಬರುತ್ತಿತ್ತು. ಈಗಿನ ಮೇಜಿನ ಮೇಲಿನ ಪ್ರಿಂಟರ್‌ಗಳಲ್ಲಿ ಬಹುಪಾಲು ಡ್ರಮ್ಮಿಗೆ ತಾಗಿಕೊಂಡೇ ತಿರುಗುವ ರಬ್ಬರ್ ರೋಲರ್ ಇರುತ್ತದೆ. ಓಝೋನ್ ತುಂಬಾ ಕಡಿಮೆ, ಅದಕ್ಕೇ ಅವುಗಳಲ್ಲಿ ಆ ಫಿಲ್ಟರೂ ಸಾಮಾನ್ಯವಾಗಿ ಇರುವುದಿಲ್ಲ. ತಂತಿ ಬಳಸುವ ಮಾದರಿಗಳು ಇಂದಿಗೂ ಇವೆ. ಕಾರ್ಟ್ರಿಡ್ಜ್ ಅಥವಾ ಡ್ರಮ್ ಘಟಕದ ಮೇಲೆ ತಂತಿ ಒರೆಸುವ ಸಣ್ಣ ಜಾರುಗುಂಡಿ ಇದ್ದರೆ ನಿಮ್ಮದು ಅಂಥದ್ದು. ಅದನ್ನು ಕೈಪಿಡಿ ಹೇಳಿದಂತೆ ಆಗಾಗ ಎಳೆದಾಡಿ ತಂತಿ ಒರೆಸಿ. ಕೊಳೆ ಕಟ್ಟಿದ ತಂತಿ ಓಝೋನ್ ಹೆಚ್ಚಿಸುತ್ತದೆ, ಮುದ್ರಣವನ್ನೂ ಕೆಡಿಸುತ್ತದೆ.

ಇವರು ಹೇಳಿದ್ದು ಬಿಸಿ ಪ್ಲಾಸ್ಟಿಕ್ ವಾಸನೆ. ಅದು ಫ್ಯೂಸರ್ ಕಡೆಯದು.

ಸುಮಾ_ಪಿ

ನನ್ನದು ಸ್ವಲ್ಪ ಬೇರೆ ಪ್ರಶ್ನೆ. ನಮ್ಮ ಪ್ರಿಂಟರಿನಿಂದ ಕಾಗದ ಬರುವ ಬಾಯಿಯಲ್ಲಿ ಬಿಳಿ ಹೊಗೆ ಕಾಣುತ್ತದೆ. ಮಳೆ ಬಿದ್ದ ದಿನಗಳಲ್ಲಿ ಜಾಸ್ತಿ. ನೀವು ಹೇಳುವ ಸೂಕ್ಷ್ಮ ಕಣ ಇದೇನಾ? ಹೆದರಿ ಪ್ಲಗ್ ಕಿತ್ತುಬಿಡುತ್ತೇನೆ.

ರೋಲರ್‌ರಿಪೇರಿ

ಅಲ್ಲ ಮೇಡಂ, ಅದು ನೀರಾವಿ. 80 ಜಿಎಸ್ಎಂ ಎ4 ಹಾಳೆ ಒಂದರ ತೂಕ 5 ಗ್ರಾಂ. ಅದರಲ್ಲಿ ಸಾಮಾನ್ಯವಾಗಿ ನೂರಕ್ಕೆ 5 ಪಾಲು ತೇವ, ಎಂದರೆ ಹಾಳೆಗೆ ಕಾಲು ಗ್ರಾಂ ನೀರು. ಥಂಡಿ ಹಿಡಿದ ಕಾಗದದಲ್ಲಿ ಇನ್ನೂ ಹೆಚ್ಚು. ಫ್ಯೂಸರ್ ದಾಟುವಾಗ ಅದರಲ್ಲಿ ಒಂದಿಷ್ಟು ಆವಿಯಾಗಿ ಕಣ್ಣಿಗೆ ಕಾಣುತ್ತದೆ. ಹೊಸ ಪೊಟ್ಟಣ ಒಡೆದು ಅದರಲ್ಲಿ ಹತ್ತು ಹಾಳೆ ಹಾಕಿ ನೋಡಿ. ಹೊಗೆ ನಿಂತರೆ ಅದು ಕಾಗದದ ತೇವವೇ. ಒಡೆದ ಪೊಟ್ಟಣವನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಡಿ, ಟ್ರೇಯಲ್ಲಿ ಎರಡು ದಿನಕ್ಕೆ ಬೇಕಾದಷ್ಟೇ ಹಾಕಿ. ತೇವದ ಕಾಗದ ಸುರುಳಿಯಾಗಿ ಸಿಕ್ಕಿಹಾಕಿಕೊಳ್ಳುತ್ತದೆ ಕೂಡ.

ಹೊಗೆ ಹಳದಿ ಅಥವಾ ಬೂದು ಬಣ್ಣಕ್ಕಿದ್ದರೆ, ಸುಟ್ಟ ನಾತ ಬಂದರೆ ಮಾತ್ರ ಪ್ಲಗ್ ತೆಗೆಯಿರಿ. ಫ್ಯೂಸರ್‌ನಲ್ಲಿ ಹಾಳೆಯ ಚೂರು ಅಥವಾ ಅಂಟುಪಟ್ಟಿ ಸಿಕ್ಕಿಕೊಂಡಿರಬಹುದು. ಒಳಗೆ ಕೈ ಹಾಕುವ ಮೊದಲು ಅರ್ಧ ಗಂಟೆ ತಣಿಯಲು ಬಿಡಿ.

ಅಕ್ಷರಜೋಡಣೆ

ಸರಿ, ಗೂಡಿನಿಂದ ತೆಗೆಯುತ್ತೇನೆ. ಈಗ ಎರಡು ಜಾಗ ಇವೆ: ಕಿಟಕಿಯ ಪಕ್ಕದ ಮೂಲೆ, ಇಲ್ಲವೇ ಬಾಗಿಲ ಪಕ್ಕದ ಮೂಲೆ. ನಾನು ಕೂರುವುದು ಇವೆರಡರ ಮಧ್ಯೆ. ಯಾವುದು ಮೇಲು? ಮತ್ತೆ, ಕಣ ಎಷ್ಟಿದ್ದರೆ ಹೆಚ್ಚು ಎನ್ನಬೇಕು?

ಗಾಳಿಲೆಕ್ಕ

ಎರಡನೆಯ ಪ್ರಶ್ನೆಯಿಂದ ಶುರುಮಾಡುತ್ತೇನೆ, ಮೊದಲನೆಯದಕ್ಕೆ ಉತ್ತರ ಅದರಲ್ಲೇ ಇದೆ.

ಎಲ್ಲ ಪ್ರಿಂಟರ್‌ಗಳೂ ಒಂದೇ ಅಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ತಂತ್ರಜ್ಞಾನ ವಿಶ್ವವಿದ್ಯಾಲಯದವರು 2007ರಲ್ಲಿ ಒಂದು ಕಚೇರಿ ಕಟ್ಟಡದ 62 ಪ್ರಿಂಟರ್‌ಗಳ ಅಳತೆ ಪ್ರಕಟಿಸಿದರು. ಅರ್ಧಕ್ಕಿಂತ ಹೆಚ್ಚು ಯಂತ್ರಗಳು ಗಮನಿಸುವಷ್ಟು ಕಣ ಬಿಡಲಿಲ್ಲ, ಕೆಲವು ಮಾತ್ರ ಭರ್ತಿ ಬಿಟ್ಟವು. ಆಮೇಲೆ ಜರ್ಮನಿಯ ಬ್ಲೂ ಏಂಜೆಲ್ ಪರಿಸರ ಮುದ್ರೆಗೆ ಒಂದು ಮಿತಿ ಬಂತು: ಹತ್ತು ನಿಮಿಷದ ಮುದ್ರಣದಲ್ಲಿ 35,000 ಕೋಟಿ ಕಣ ಮೀರಬಾರದು. ಕೇಳಲು ಭಯಂಕರ ಸಂಖ್ಯೆ. ನಿಮ್ಮ ಕೋಣೆಗೆ ಹಾಕಿ ನೋಡೋಣ.

10×9×10 ಅಡಿ ಎಂದರೆ 900 ಘನ ಅಡಿ, ಸುಮಾರು 25 ಘನ ಮೀಟರ್. ಅದು 2.5 ಕೋಟಿ ಘನ ಸೆಂಟಿಮೀಟರ್. ಮಿತಿಯೊಳಗಿನ ಯಂತ್ರ ಬಿಟ್ಟದ್ದೆಲ್ಲ ಕೋಣೆಯಲ್ಲೇ ಸಮನಾಗಿ ಹರಡಿತು ಎಂದುಕೊಂಡರೆ ಘನ ಸೆಂಟಿಮೀಟರಿಗೆ 14,000 ಕಣ. ಗೋಡೆಗೆ ಅಂಟುವುದು, ಒಂದಕ್ಕೊಂದು ಕೂಡುವುದು, ಸಂದಿಯಲ್ಲಿ ಹೋಗುವುದು ಕಳೆದರೆ ಇನ್ನೂ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಂಥ ಕಣಗಳಿಗೆ ಕಡ್ಡಾಯ ಮಿತಿಯನ್ನೇನೂ ಹಾಕಲಿಲ್ಲ. ಆದರೆ ಒಂದು ಗಂಟೆಯ ಸರಾಸರಿ 20,000 ದಾಟಿದರೆ ಹೆಚ್ಚು, ದಿನದ ಸರಾಸರಿ 1,000ಕ್ಕಿಂತ ಕೆಳಗಿದ್ದರೆ ಕಡಿಮೆ, 10,000 ದಾಟಿದರೆ ಹೆಚ್ಚು ಎಂದು ಪರಿಗಣಿಸಬಹುದು ಎಂದಿತು. ಎಂದರೆ ಮಿತಿಯೊಳಗಿನ ಯಂತ್ರವೂ ನಿಮ್ಮ ಕೋಣೆಯಲ್ಲಿ ಗಮನ ಕೊಡಬೇಕಾದ ಮಟ್ಟ ತರಬಲ್ಲದು. ಅದರ ಹತ್ತರಷ್ಟು ಬಿಡುವ ಯಂತ್ರವಾದರೆ ಲೆಕ್ಕ 1,40,000ಕ್ಕೆ ಹೋಗುತ್ತದೆ.

ಆಮೇಲೆ ಅದು ಎಷ್ಟು ಹೊತ್ತು ಉಳಿಯುತ್ತದೆ? ಕಿಟಕಿ ಬಾಗಿಲು ಮುಚ್ಚಿದ ಕೋಣೆಯ ಗಾಳಿ ಸಂದುಗಳ ಮೂಲಕ ಗಂಟೆಗೆ ಅರ್ಧ ಸಲ ಬದಲಾದರೆ, ಗಾಳಿಯೊಂದರಿಂದಲೇ ಕಣ ಅರ್ಧಕ್ಕಿಳಿಯಲು ಸುಮಾರು 85 ನಿಮಿಷ, ಹತ್ತನೇ ಒಂದು ಪಾಲಿಗೆ ಇಳಿಯಲು ನಾಲ್ಕೂವರೆ ಗಂಟೆ. ಅದೇ ಗಂಟೆಗೆ 5 ಸಲ ಬದಲಾದರೆ ಅರ್ಧಕ್ಕೆ 8 ನಿಮಿಷ, ಹತ್ತನೇ ಪಾಲಿಗೆ 28 ನಿಮಿಷ. ನಿಮ್ಮ 6 ಇಂಚಿನ ಫ್ಯಾನಿನ ಮೇಲೆ ಗಂಟೆಗೆ 250 ಘನ ಮೀಟರ್ ಎಂದು ಬರೆದಿದ್ದರೆ, ಜಾಲರಿ, ಧೂಳು, ಗಾಳಿ ಬರುವ ದಾರಿಯ ಇಕ್ಕಟ್ಟು ಕಳೆದು ಅರ್ಧ ಸಿಕ್ಕಿದರೂ 125, ಎಂದರೆ ಗಂಟೆಗೆ 5 ಸಲ. ನಿಮಗೆ ಬೇಕಾದ ಸಾಧನ ಈಗಾಗಲೇ ಗೋಡೆಯಲ್ಲೇ ಇದೆ.

ಇನ್ನು ಜಾಗ. ಹೊರಗಿನ ಗಾಳಿ ಮೊದಲು ನಿಮ್ಮನ್ನು ದಾಟಬೇಕು, ಆಮೇಲೆ ಪ್ರಿಂಟರನ್ನು, ಆಮೇಲೆ ಆಚೆಗೆ ಹೋಗಬೇಕು. ಎಕ್ಸಾಸ್ಟ್ ಫ್ಯಾನ್ ಕಿಟಕಿಯ ಮೇಲಿದೆ, ಹಾಗಾಗಿ ಗಾಳಿ ಬಾಗಿಲಿಂದ ಬಂದು ಅಲ್ಲಿಗೆ ಹೋಗಬೇಕು. ಪ್ರಿಂಟರ್ ಕಿಟಕಿಯ ಮೂಲೆಗೆ ಬರಲಿ, ಜಾಲರಿ ಕಿಟಕಿಯ ಕಡೆಗೆ ತಿರುಗಿರಲಿ. ಪ್ರಿಂಟ್ ಕೊಡುವ ಮುಂಚೆ ಬಾಗಿಲನ್ನು ಮೂರ್ನಾಲ್ಕು ಇಂಚು ತೆರೆಯಿರಿ, ಕಿಟಕಿಯನ್ನು ಮುಚ್ಚಿ, ಫ್ಯಾನ್ ಹಾಕಿ. ಕಿಟಕಿ ಮುಚ್ಚಿ ಎಂದಾಗ ಬಹಳ ಜನ ನಂಬುವುದಿಲ್ಲ. ಫ್ಯಾನಿನ ಕೆಳಗೇ ಕಿಟಕಿ ತೆರೆದಿದ್ದರೆ ಫ್ಯಾನ್ ಆ ಕಿಟಕಿಯ ಗಾಳಿಯನ್ನೇ ಎಳೆದು ಆಚೆ ಹಾಕುತ್ತದೆ, ಕೋಣೆಯ ಗಾಳಿ ಅಲ್ಲೇ ನಿಂತಿರುತ್ತದೆ. ಪರೀಕ್ಷೆಗೆ ಮತ್ತೆ ಟಿಶ್ಯೂ ಪಟ್ಟಿ: ಬಾಗಿಲ ಸಂದಿಯಲ್ಲಿ ಹಿಡಿದಾಗ ಅದು ಸ್ಪಷ್ಟವಾಗಿ ಒಳಕ್ಕೆ ವಾಲಬೇಕು.

ಮಾಪಕ77

ಮೀಟರ್ ಬಗ್ಗೆ ಹೇಳಿದ್ದು ಒಪ್ಪಬಹುದು. ಆದರೆ ಫ್ಯಾನ್ ಇಲ್ಲದ ಕೋಣೆಯವರು ಏನು ಮಾಡಬೇಕು? ಕಿಟಕಿ ತೆರೆದರೆ ಗಾಳಿ ಎಷ್ಟು ಬದಲಾಗುತ್ತದೆ ಎಂದು ಗೊತ್ತಾಗುವುದು ಹೇಗೆ? ನಿಮ್ಮ ಅರ್ಧ ಸಲ, 5 ಸಲ ಎಲ್ಲಾ ಊಹೆ ತಾನೇ.

ಗಾಳಿಲೆಕ್ಕ

ಊಹೆ ಬೇಡವೆಂದರೆ ಅಳೆಯಬಹುದು, ಅದಕ್ಕೆ ಮನೆಬಳಕೆಯ ಮೀಟರೇ ಸಾಕು. ಆದರೆ ಪಿಎಂ ಮೀಟರ್ ಅಲ್ಲ, ಕಾರ್ಬನ್ ಡೈಆಕ್ಸೈಡ್ ಮೀಟರ್. ಹೊರಗೆ ಆ ಮೀಟರ್ 420ರ ಆಸುಪಾಸು ತೋರಿಸಬೇಕು. ಕೋಣೆ ಮುಚ್ಚಿ ಒಳಗೆ ಕೂತು 1,420ರವರೆಗೆ ಏರಲು ಬಿಡಿ, ಹೊರಗಿಗಿಂತ 1,000 ಹೆಚ್ಚು. ಆಮೇಲೆ ನೀವು ಪರೀಕ್ಷಿಸಬೇಕೆಂದಿರುವ ಸ್ಥಿತಿಗೆ ಕಿಟಕಿ ಬಾಗಿಲು ಇಟ್ಟು, ಎಲ್ಲರೂ ಹೊರಗೆ ಬನ್ನಿ. ಒಳಗೆ ಯಾರೂ ಉಸಿರಾಡಬಾರದು. ಮೀಟರ್ 920ಕ್ಕೆ ಇಳಿಯಲು ಎಷ್ಟು ನಿಮಿಷ ಹಿಡಿಯಿತು ಎಂದು ನೋಡಿ, 42ನ್ನು ಆ ನಿಮಿಷಗಳಿಂದ ಭಾಗಿಸಿ. ಗಂಟೆಗೆ ಎಷ್ಟು ಸಲ ಗಾಳಿ ಬದಲಾಗುತ್ತದೆ ಎನ್ನುವುದು ಬಂತು. 42 ನಿಮಿಷ ಹಿಡಿದರೆ ಗಂಟೆಗೆ ಒಂದು ಸಲ, 8 ನಿಮಿಷವಾದರೆ 5ಕ್ಕಿಂತ ಸ್ವಲ್ಪ ಹೆಚ್ಚು.

ಫ್ಯಾನ್ ಇಲ್ಲದ ಕೋಣೆಯಲ್ಲಿ ಎದುರುಬದುರು ಎರಡು ತೆರಪು ಬೇಕು. ಒಂದೇ ಕಿಟಕಿ ತೆರೆದು ಬಾಗಿಲು ಮುಚ್ಚಿದರೆ ಗಾಳಿ ಕಿಟಕಿಯ ಬಳಿಯೇ ಒಳಗೆ ಹೊರಗೆ ಆಡಿಕೊಂಡಿರುತ್ತದೆ. ಇನ್ನೊಂದು ಮಾತು: ಗಾಳಿ ಕಿಟಕಿಯಿಂದ ಒಳಗೆ ನುಗ್ಗುವ ಹೊತ್ತಾದರೆ ಕಿಟಕಿಯ ಬಳಿಯ ಪ್ರಿಂಟರ್ ಬಿಟ್ಟದ್ದೆಲ್ಲ ನೇರ ನಿಮ್ಮ ಮೇಲೆ ಬರುತ್ತದೆ. ಅಂಥ ಕೋಣೆಯಲ್ಲಿ ಪ್ರಿಂಟರ್ ಬಾಗಿಲ ಕಡೆಗಿದ್ದರೆ ನಿಮಗೆ ಒಳ್ಳೆಯದು, ಆದರೆ ಬಾಗಿಲಾಚೆ ಇರುವವರಿಗೆ ಅಲ್ಲ. ಎಲ್ಲರಿಗೂ ಹೊಂದುವ ಒಂದೇ ಉತ್ತರ ಇದಕ್ಕಿಲ್ಲ, ಗಾಳಿಯ ದಿಕ್ಕು ನೋಡಿಯೇ ನಿರ್ಧರಿಸಬೇಕು.

ಸುಮಾ_ಪಿ

ಸೀಲಿಂಗ್ ಫ್ಯಾನ್ ಜೋರಾಗಿ ಹಾಕಿದರೆ ವಾಸನೆ ಬೇಗ ಹೋಗುತ್ತದಲ್ಲ?

ಗಾಳಿಲೆಕ್ಕ

ಹೋಗುವುದಿಲ್ಲ, ಹರಡುತ್ತದೆ. ಒಂದೆಡೆ ದಟ್ಟವಾಗಿದ್ದುದು ಕೋಣೆಯ ತುಂಬ ತೆಳುವಾಗುವುದರಿಂದ ಕಡಿಮೆಯಾದಂತೆ ಅನಿಸುತ್ತದೆ. ಪ್ರಿಂಟರಿನ ಬಿಸಿಗಾಳಿ ತಾನಾಗಿಯೇ ಮೇಲೇರುತ್ತದೆ, ಎಕ್ಸಾಸ್ಟ್ ಫ್ಯಾನ್ ಇರುವುದೂ ಮೇಲೇ. ಸೀಲಿಂಗ್ ಫ್ಯಾನ್ ಅದನ್ನು ಮತ್ತೆ ಕೆಳಕ್ಕೆ, ನಿಮ್ಮ ಮೂಗಿನ ಮಟ್ಟಕ್ಕೆ ತಳ್ಳುತ್ತದೆ. ಪ್ರಿಂಟ್ ಆಗುವಾಗ ಮತ್ತು ಆಮೇಲೆ ಹತ್ತು ನಿಮಿಷ ಅದನ್ನು ನಿಲ್ಲಿಸಿ ಎಕ್ಸಾಸ್ಟ್ ಮಾತ್ರ ಓಡಿಸಿ.

ಅಕ್ಷರಜೋಡಣೆ

ಬಿಸಿಯ ಬಗ್ಗೆ ಕೇಳಿದ್ದೆ. ಮಧ್ಯಾಹ್ನ ಕೋಣೆ ಬೆಚ್ಚಗಾಗುವುದು ಪ್ರಿಂಟರಿನಿಂದ ತಾನೇ?

ಗಾಳಿಲೆಕ್ಕ

ಬಹುಮಟ್ಟಿಗೆ ಅಲ್ಲ. ನಿಮ್ಮ ಯಂತ್ರ ನಿಮಿಷಕ್ಕೆ 20 ಪುಟ ತೆಗೆದರೆ 80 ಪುಟಕ್ಕೆ 4 ನಿಮಿಷ. ಆ ಹೊತ್ತು ಸರಾಸರಿ 500 ವ್ಯಾಟ್ ಎಳೆದರೆ ಒಟ್ಟು 33 ವ್ಯಾಟ್-ಗಂಟೆ. ಅಷ್ಟೂ ಕೋಣೆಯ ಗಾಳಿಗೇ ಸೇರಿ, ಗೋಡೆ ಮೇಜು ಏನೂ ಹೀರದಿದ್ದರೆ 4 ಡಿಗ್ರಿ ಏರಬೇಕು. ಅವು ಹೀರುವುದರಿಂದ ನಿಜಕ್ಕೂ ಏರುವುದು ಅದರ ಒಂದು ಸಣ್ಣ ಪಾಲು. ಸುಮ್ಮನೆ ಕೂತ ಮನುಷ್ಯನ ದೇಹ ಸುಮಾರು 100 ವ್ಯಾಟ್ ಬಿಸಿ ಬಿಡುತ್ತದೆ, ಎಂಟು ಗಂಟೆಗೆ 800 ವ್ಯಾಟ್-ಗಂಟೆ. ಕಂಪ್ಯೂಟರೂ ಮಾನಿಟರೂ ಸೇರಿ ಹೆಚ್ಚುಕಡಿಮೆ ಇನ್ನೊಂದು ಅಷ್ಟೇ. ಬಿಡಿಬಿಡಿಯಾಗಿ ಪ್ರಿಂಟ್ ಕೊಡುವಾಗ ಪ್ರತಿ ಸಲ ಕಾಯಿಸುವ ಖರ್ಚು ಸೇರಿಸಿದರೂ ಪ್ರಿಂಟರಿನ ಪಾಲು ಚಿಕ್ಕದೇ. ಕೋಣೆಯ ಬಿಸಿಗೆ ಬಿಸಿಲು, ಮುಚ್ಚಿದ ಕಿಟಕಿ, ನೀವು, ಕಂಪ್ಯೂಟರ್ ಕಾರಣ. ಪ್ರಿಂಟರಿನ ಬಿಸಿ ತೊಂದರೆ ಕೊಡುವುದು ಆ ಗೂಡಿನಂಥ ಇಕ್ಕಟ್ಟಿನಲ್ಲಿ, ಅದೂ ಪ್ರಿಂಟರಿಗೇ.

ರೋಲರ್‌ರಿಪೇರಿ

ಬಿಸಿಯ ಮಾತಿಗೆ ಇದನ್ನೂ ಸೇರಿಸಿ: ಕಿಟಕಿಯ ಮೂಲೆ ಎಂದರೆ ನೇರ ಬಿಸಿಲು ಬೀಳದಂತೆ ಪರದೆ ಇರಲಿ. ಬಿಸಿಲು ಯಂತ್ರವನ್ನೂ ಕಾಯಿಸುತ್ತದೆ, ಮುಚ್ಚಳ ತೆರೆದಾಗ ಡ್ರಮ್ಮನ್ನೂ ಕೆಡಿಸುತ್ತದೆ. ಎಸಿಯ ತಂಪುಗಾಳಿ ನೇರ ಬಡಿಯುವ ಜಾಗವೂ ಬೇಡ. ತಣ್ಣಗಾದ ಯಂತ್ರಕ್ಕೆ ಎಸಿ ನಿಲ್ಲಿಸಿದ ಮೇಲೆ ತೇವದ ಗಾಳಿ ತಾಗಿದರೆ ಒಳಗೆ ನೀರಪಸೆ ಕೂರುತ್ತದೆ, ಮೊದಲ ಪುಟಗಳು ಮಸುಕಾಗಿ ಬರುತ್ತವೆ. ಮತ್ತೆ, ಯುಪಿಎಸ್‌ಗೆ ಮಾತ್ರ ಚುಚ್ಚಬೇಡಿ. ಫ್ಯೂಸರ್ ಕಾಯುವ ಗಳಿಗೆಯಲ್ಲಿ ಲೇಸರ್ ಪ್ರಿಂಟರ್ 1,000 ವ್ಯಾಟ್ ಮೀರಿ ಎಳೆಯಬಲ್ಲದು. ಮನೆಯ ಸಣ್ಣ ಯುಪಿಎಸ್ ಅದನ್ನು ತಡೆಯುವುದಿಲ್ಲ, ಜೊತೆಗಿದ್ದ ಕಂಪ್ಯೂಟರನ್ನೂ ಆರಿಸುತ್ತದೆ. ಗೋಡೆಯ ಸಾಕೆಟ್ಟಿಗೇ ಹಾಕಿ.

ಬಳಕೆಯ ರೀತಿಯೂ ಬದಲಾಗಬೇಕು. ಎರಡು ಪುಟಕ್ಕೊಂದು ಸಲ ಕೊಡುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ತಣ್ಣಗಿದ್ದ ಫ್ಯೂಸರ್ ಪ್ರತಿ ಸಲ ಮತ್ತೆ ಕಾಯಬೇಕು.

ಗಾಳಿಲೆಕ್ಕ

ಹೌದು, ಕಣದ ದೃಷ್ಟಿಯಿಂದಲೂ ಇದೇ ಮುಖ್ಯ. ಬಹಳಷ್ಟು ಯಂತ್ರಗಳಲ್ಲಿ ಕಣಗಳು ಮುದ್ರಣದುದ್ದಕ್ಕೂ ಸಮನಾಗಿ ಬರುವುದಿಲ್ಲ. ಫ್ಯೂಸರ್ ಕಾದು ಮೊದಲ ಪುಟಗಳು ಬರುವ ಹೊತ್ತಿಗೆ ಒಮ್ಮೆಲೇ ಉಕ್ಕುತ್ತವೆ, ಆಮೇಲೆ ಇಳಿಯುತ್ತವೆ. ಹಾಗಾಗಿ 80 ಪುಟವನ್ನು ಎರಡು ಕಂತಿನಲ್ಲಿ ತೆಗೆಯುವುದಕ್ಕೂ ಮೂವತ್ತು ಕಂತಿನಲ್ಲಿ ತೆಗೆಯುವುದಕ್ಕೂ ಅಜಗಜಾಂತರ. ಪರದೆಯ ಮೇಲೆ ಓದಿ ತಿದ್ದಿ, ಎಲ್ಲವನ್ನೂ ಸರದಿಯಲ್ಲಿ ನಿಲ್ಲಿಸಿ, ಊಟಕ್ಕೆ ಏಳುವಾಗ ಒಂದು ಕಂತು, ಸಂಜೆ ಮುಗಿಸುವಾಗ ಒಂದು ಕಂತು ಕೊಡಿ. ಕೊಟ್ಟು ಹೊರಗೆ ಹೋಗಿ. ಎಕ್ಸಾಸ್ಟ್ ಅರ್ಧ ಗಂಟೆ ಓಡಿದ ಮೇಲೆ ಬಂದರೆ ಉಳಿದಿರುವುದು ಹತ್ತನೇ ಪಾಲು.

ಅಕ್ಷರಜೋಡಣೆ

ವಿಂಡೋಸ್‌ನಲ್ಲಿ ಸರದಿ ನಿಲ್ಲಿಸುವುದು ಎಂದರೆ ಪ್ರಿಂಟರ್ ಕಿಟಕಿ ತೆರೆದು `Pause` ಒತ್ತಿ, ಆಮೇಲೆ `Resume` ಕೊಡುವುದು ತಾನೇ? ಹಾಗಾದರೆ ಸುಲಭ. ತುರ್ತು ಪುಟ ಬಂದರೆ ಏನು ಮಾಡಲಿ?

ರೋಲರ್‌ರಿಪೇರಿ

ಅದೇ. ತುರ್ತಿದ್ದರೆ ಕೊಡಿ, ಫ್ಯಾನ್ ಹಾಕಿಕೊಂಡು. ನಡುನಡುವೆ ಪವರ್ ಗುಂಡಿ ಮಾತ್ರ ಆರಿಸಬೇಡಿ. ಆರಿಸಿ ಹಾಕಿದಾಗಲೆಲ್ಲ ಯಂತ್ರ ಪೂರ್ತಿ ತಯಾರಿ ಮತ್ತೆ ನಡೆಸುತ್ತದೆ, ಕಲರ್ ಯಂತ್ರವಾದರೆ ಬಣ್ಣ ಹೊಂದಿಸಿಕೊಳ್ಳುತ್ತದೆ ಕೂಡ. ಸ್ಲೀಪ್‌ಗೆ ಬಿಡಿ, ರಾತ್ರಿ ಮಾತ್ರ ಆರಿಸಿ.

ವಾಸನೆ ಇನ್ನೂ ಇದ್ದರೆ ಡ್ರೈವರ್‌ನಲ್ಲಿ ಕಾಗದದ ಬಗೆ ನೋಡಿ. `Thick` ಎಂದಿದ್ದರೆ ಫ್ಯೂಸರ್ ಹೆಚ್ಚು ಕಾಯುತ್ತದೆ. ಯಾರೋ ಒಮ್ಮೆ ಲಕೋಟೆಗೋ ದಪ್ಪ ಹಾಳೆಗೋ ಬದಲಿಸಿ ಹಾಗೇ ಬಿಟ್ಟಿರುತ್ತಾರೆ. 80 ಜಿಎಸ್ಎಂ ಕಾಗದಕ್ಕೆ `Plain` ಸಾಕು. ಮರುಭರ್ತಿ ಮಾಡಿದ ಟೋನರ್ ಹಾಕಿದ ದಿನದಿಂದ ವಾಸನೆ ಶುರುವಾಗಿದ್ದರೆ ಅದನ್ನೂ ಅನುಮಾನಿಸಿ. ಉಗುರಿನಿಂದ ಅಕ್ಷರ ಕೆರೆದರೆ ಉದುರುತ್ತದೆಯೇ ನೋಡಿ. ಉದುರಿದರೆ ಆ ಪುಡಿ ನಿಮ್ಮ ಫ್ಯೂಸರಿನ ಬಿಸಿಗೆ ಹೊಂದುತ್ತಿಲ್ಲ.

ಹಳೇಮೇಜು

ಜಾಲರಿಗೆ ಅಂಟಿಸುವ ಫಿಲ್ಟರ್ ಸಿಗುತ್ತದೆ. ಅದನ್ನು ಹಾಕಿದರೆ ಇಷ್ಟೆಲ್ಲ ತಾಪತ್ರಯ ಏಕೆ? ವಾಸನೆ ಕಡಿಮೆಯಾಗಿದ್ದನ್ನು ಕಂಡಿದ್ದೇನೆ.

ರೋಲರ್‌ರಿಪೇರಿ

ನನಗೆ ಅದು ಇಷ್ಟವಿಲ್ಲ. ಒಳಗಿನ ಫ್ಯಾನ್ ಅಂಗೈಯಗಲದ್ದು, ಅದಕ್ಕೆ ಫಿಲ್ಟರಿನ ಮೂಲಕ ನೂಕುವ ಶಕ್ತಿ ಇಲ್ಲ. ಗಾಳಿ ಬೇರೆ ಸಂದಿಯಿಂದ ಬರುತ್ತದೆ, ಒಳಗೆ ಬಿಸಿ ಏರುತ್ತದೆ.

ಗಾಳಿಲೆಕ್ಕ

ಯಂತ್ರ ನೋಡಿ ಹೇಳಬೇಕು. ಕಣಗಳು ಜಾಲರಿಯೊಂದರಿಂದಲೇ ಬರುವ ವಿನ್ಯಾಸವಾದರೆ ಫಿಲ್ಟರ್ ಕೆಲಸ ಮಾಡಬಹುದು. ಕಾಗದ ಬರುವ ಬಾಯಿಯಿಂದಲೂ ಹೊರಬರುವ ಯಂತ್ರವಾದರೆ ಜಾಲರಿ ಮುಚ್ಚಿದಷ್ಟೂ ಅಲ್ಲಿಂದ ಹೆಚ್ಚು ಬರುತ್ತದೆ. ತಯಾರಕರೇ ನಿಮ್ಮ ಮಾದರಿಗೆ ಒಪ್ಪಿದ್ದಾದರೆ ಹಾಕಿ, ಇಲ್ಲದಿದ್ದರೆ ಬೇಡ. ಅದಕ್ಕಿಂತ ಹೆಪಾ ಫಿಲ್ಟರಿನ ಏರ್ ಪ್ಯೂರಿಫೈಯರ್ ಮೇಲು. ಇಷ್ಟು ಸಣ್ಣ ಕಣವನ್ನು ಹೆಪಾ ಹಿಡಿಯುವುದಿಲ್ಲ ಎಂಬ ಮಾತು ಚಾಲ್ತಿಯಲ್ಲಿದೆ, ಅದು ತಪ್ಪು. ಹೆಪಾಕ್ಕೆ ಅತಿ ಕಷ್ಟದ್ದು 0.1ರಿಂದ 0.3 ಮೈಕ್ರಾನಿನ ಕಣ. ಅದಕ್ಕಿಂತ ಸಣ್ಣವು ಅತ್ತಿತ್ತ ಅಲೆದಾಡುತ್ತಾ ನಾರಿಗೆ ತಾಗಿ ಅಂಟಿಕೊಳ್ಳುತ್ತವೆ, ಹಿಡಿಯುವುದು ಸುಲಭ. ಗಂಟೆಗೆ 200 ಘನ ಮೀಟರ್ ಶುದ್ಧಗಾಳಿ ಕೊಡುವ ಯಂತ್ರ ನಿಮ್ಮ ಕೋಣೆಯಲ್ಲಿ ಗಂಟೆಗೆ 8 ಸಲ ಗಾಳಿ ಬದಲಿಸಿದಷ್ಟು ಕಣ ತೆಗೆಯುತ್ತದೆ. ವಾಸನೆ, ಆವಿ ಮಾತ್ರ ಹೆಪಾಕ್ಕೆ ಸಿಗುವುದಿಲ್ಲ, ತೆಳು ಇದ್ದಿಲಿನ ಪದರ ಬೇಗ ತುಂಬಿಹೋಗುತ್ತದೆ. ಅದಕ್ಕೆ ಹೊರಗಾಳಿಯೇ ಬೇಕು. ಅಯಾನೈಸರ್ ಗುಂಡಿ ಇದ್ದರೆ ಆರಿಸಿಡಿ, ಓಝೋನ್ ಬರಬಹುದು.

ಮಾಪಕ77

ಕೊನೆಗೆ ಇದರಿಂದ ಆರೋಗ್ಯಕ್ಕೆ ಏನಾಗುತ್ತದೆ ಎಂದು ಯಾರೂ ಹೇಳಲಿಲ್ಲ. ದಿನಕ್ಕೆ 80 ಪುಟಕ್ಕೆ ಪ್ಯೂರಿಫೈಯರ್ ಕೊಳ್ಳುವುದು ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ಒಗ್ಗರಣೆಯ ಹೊಗೆಯಲ್ಲಿ ಇದಕ್ಕಿಂತ ಹೆಚ್ಚು ಸೂಕ್ಷ್ಮ ಕಣ ಇರುವುದಿಲ್ಲವೇ?

ಗಾಳಿಲೆಕ್ಕ

ಅಡುಗೆಯಲ್ಲಿ ಕಣ ಧಾರಾಳವಾಗಿ ಬರುತ್ತವೆ, ನಿಜ. ಪ್ರಿಂಟರಿನ ಕಣಗಳಿಂದ ಇಂಥ ಪ್ರಮಾಣಕ್ಕೆ ಇಂಥ ತೊಂದರೆ ಎಂದು ಗೆರೆ ಎಳೆದು ಹೇಳುವ ಸ್ಥಿತಿ ಇಲ್ಲ. ಆಸ್ತಮಾ ಇರುವವರು ಎಚ್ಚರ ವಹಿಸಬೇಕು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಇವರ ಕೋಣೆಗೆ ಪ್ಯೂರಿಫೈಯರ್ ಬೇಕೇಬೇಕು ಎಂದು ನಾನೂ ಹೇಳುವುದಿಲ್ಲ. ಫ್ಯಾನ್ ಇದೆ, ಕಂತು ಎರಡಕ್ಕೆ ಇಳಿಯುತ್ತದೆ, ಅಷ್ಟು ಸಾಕು. ಫ್ಯಾನೂ ಇಲ್ಲದ, ಎದುರು ತೆರಪೂ ಇಲ್ಲದ ಕೋಣೆಯವರಿಗೆ ಅದು ಬೇಕಾಗಬಹುದು.

ಸುಮಾ_ಪಿ

ಕಾರ್ಟ್ರಿಡ್ಜ್ ಬದಲಿಸುವಾಗ ಪುಡಿ ಚೆಲ್ಲಿದರೆ? ಮಾಸ್ಕ್ ಪ್ರಶ್ನೆ ಹಾಗೇ ಉಳಿಯಿತು.

ರೋಲರ್‌ರಿಪೇರಿ

ದಿನನಿತ್ಯದ ಪ್ರಿಂಟಿಗೆ ಮಾಸ್ಕ್ ಬೇಡ. ಪುಡಿ ಚೆಲ್ಲಿದಾಗ, ಒಳಗೆ ಸ್ವಚ್ಛ ಮಾಡುವಾಗ ಎನ್95 ಹಾಕಿಕೊಳ್ಳಿ. ಫ್ಯಾನ್‌ಗಳನ್ನೆಲ್ಲ ಆರಿಸಿ, ಊದಬೇಡಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡವೇ ಬೇಡ: ಅದರ ಚೀಲದಿಂದ ನುಣುಪು ಪುಡಿ ತೂರಿ ಹಿಂದಿನಿಂದ ಕೋಣೆಗೇ ಬರುತ್ತದೆ, ಮೋಟರಿನ ಕಿಡಿಗೆ ಹೊತ್ತಿಕೊಳ್ಳುವ ಅಪಾಯವೂ ಇದೆ. ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹೊರಗಿನಿಂದ ಒಳಕ್ಕೆ ಒರೆಸಿ, ಬಟ್ಟೆಯನ್ನು ಮಡಿಸಿ ಚೀಲದಲ್ಲಿ ಕಟ್ಟಿ ಎಸೆಯಿರಿ. ಯಂತ್ರದ ಒಳಗೆ ಮಾತ್ರ ಒಣ ಬಟ್ಟೆ. ಕೈಗೆ, ಬಟ್ಟೆಗೆ ಹತ್ತಿದ್ದಕ್ಕೂ ತಣ್ಣೀರೇ. ಬಿಸಿನೀರು ಹಾಕಿದರೆ ಪುಡಿ ಮೆತ್ತಗಾಗಿ ಕಚ್ಚಿಕೊಳ್ಳುತ್ತದೆ.

ಅಕ್ಷರಜೋಡಣೆ

ಟಿಶ್ಯೂ ಪಟ್ಟಿ ಹಿಡಿದು ನೋಡಿದೆ. ಗಾಳಿ ಬಿಡುವ ಜಾಲರಿ ಯಂತ್ರದ ಎಡಗಡೆಗಿದೆ. ಕಿಟಕಿಯ ಮೂಲೆಯಲ್ಲಿಟ್ಟರೆ ಎಡಗಡೆ ನನ್ನ ಕುರ್ಚಿಯ ಕಡೆಗೇ ಬರುತ್ತದೆ. ಯಂತ್ರವನ್ನು ತಿರುಗಿಸಿದರೆ ಕಾಗದದ ಟ್ರೇ ಗೋಡೆಗೆ ತಾಗುತ್ತದೆ. ಏನು ಮಾಡಲಿ?

ರೋಲರ್‌ರಿಪೇರಿ

ಕಿಟಕಿಯ ಇನ್ನೊಂದು ಪಕ್ಕದ ಮೂಲೆ ಖಾಲಿ ಇದ್ದರೆ ಅಲ್ಲಿಗೆ ಹಾಕಿ, ಆಗ ಎಡಗಡೆ ಆಚೆಗೆ ತಿರುಗುತ್ತದೆ. ಗೋಡೆಗೆ 20 ಸೆಂಟಿಮೀಟರ್ ಮಾತ್ರ ಮರೆಯಬೇಡಿ. ಅದೂ ಆಗದಿದ್ದರೆ ಯಂತ್ರ ಈಗಿರುವ ಹಾಗೇ ಇರಲಿ, ಜಾಲರಿಯಿಂದ ಒಂದಡಿ ದೂರಕ್ಕೆ ನೆಟ್ಟಗೆ ಒಂದು ಹಲಗೆ ನಿಲ್ಲಿಸಿ. ಬಿಸಿಗಾಳಿ ಅದಕ್ಕೆ ಬಡಿದು ಮೇಲೇಳುತ್ತದೆ, ಮೇಲಿನ ಫ್ಯಾನ್ ಎಳೆದುಕೊಳ್ಳುತ್ತದೆ. ಹಲಗೆಯನ್ನು ಜಾಲರಿಗೆ ಒತ್ತಿ ಇಟ್ಟರೆ ಮತ್ತೆ ಗೂಡಿನ ಕಥೆಯೇ. ಒಂದಡಿಗಿಂತ ಕಡಿಮೆ ಬೇಡ.

ಗಾಳಿಲೆಕ್ಕ

ಹಲಗೆ ಇಟ್ಟ ಮೇಲೆ ಫ್ಯಾನ್ ಹಾಕಿ, ಬಾಗಿಲು ಮೂರ್ನಾಲ್ಕು ಇಂಚು ತೆರೆದು, ಹತ್ತು ಪುಟ ಕೊಟ್ಟು, ಪಟ್ಟಿಯನ್ನು ಹಲಗೆಯ ಮೇಲಂಚಿನಲ್ಲಿ ಹಿಡಿಯಿರಿ. ಫ್ಯಾನ್ ಕಡೆಗೆ ವಾಲಿದರೆ ಸರಿ. ಕುರ್ಚಿಯ ಕಡೆಗೆ ವಾಲಿದರೆ ಬಾಗಿಲನ್ನು ಇನ್ನಷ್ಟು ತೆರೆದು ಮತ್ತೆ ನೋಡಿ, ಒಳಗೆ ಬರುವ ಗಾಳಿ ಸಾಲದೇ ಫ್ಯಾನ್ ಸೋಲುತ್ತಿರಬಹುದು.